ವರ್ಷದ ಕೊನೆಗೆ ಸಂಘದ ಬಡ್ಡಿ: ಯಾರಿಗೆ ಎಷ್ಟು?

ಸ್ವಸಹಾಯ ಸಂಘದ ಸದಸ್ಯೆಯೊಬ್ಬರಿಗೆ ವರ್ಷದ ಕೊನೆಯಲ್ಲಿ ಸಲ್ಲಬೇಕಾದ ಬಡ್ಡಿಯನ್ನು ನಿರ್ಧರಿಸುವುದು ಎರಡೇ ಸಂಗತಿ. ಅವರು ಎಷ್ಟು ಹಣ ಉಳಿಸಿದ್ದಾರೆ ಎಂಬುದು ಒಂದು, ಆ ಹಣ ಎಷ್ಟು ತಿಂಗಳು ಸಂಘದಲ್ಲಿ ದುಡಿಯಿತು ಎಂಬುದು ಇನ್ನೊಂದು. ಮೊದಲನೆಯದು ಉಳಿತಾಯದ ಲೆಡ್ಜರಿನ ಕೊನೆಯ ಸಾಲಿನಲ್ಲೇ ಕಾಣುತ್ತದೆ. ಎರಡನೆಯದನ್ನು ಲೆಕ್ಕ ಹಾಕಿ ತೆಗೆಯಬೇಕು. ಆ ಲೆಕ್ಕವನ್ನು ಬಿಟ್ಟು ಹಂಚಿದಾಗ ತಪ್ಪಿನ ಭಾರ ಬೀಳುವುದು ವಾರ ತಪ್ಪದೆ ಬಂದು ಕೂರುವ ಹತ್ತು ಜನರ ಮೇಲಲ್ಲ. ತಡವಾಗಿ ಸೇರಿದವರು, ದುಡಿಯಲು ಊರು ಬಿಟ್ಟು ಹೋದವರು, ಕಷ್ಟಕ್ಕೆಂದು ಉಳಿತಾಯ ಹಿಂದಕ್ಕೆ ಪಡೆದವರು ಇವರ ಲೆಕ್ಕವೇ ಕೆಡುತ್ತದೆ.

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಇಂಥ ಸದಸ್ಯೆಯರು ಪ್ರತಿ ಸಂಘದಲ್ಲೂ ಸಿಗುತ್ತಾರೆ. ಇದು ಮಳೆ ಕಡಿಮೆಯ ನಾಡು. ಮುಂಗಾರಿನಲ್ಲಿ ಕಡಲೆಕಾಯಿ ಬಿತ್ತನೆಗೆ ಸಾಲ ಏರುತ್ತದೆ, ಬೆಳೆ ಕೈಗೆ ಬಂದಾಗ ಇಳಿಯುತ್ತದೆ, ಆಮೇಲೆ ಕೆಲವು ಮನೆಯವರು ಬೆಂಗಳೂರಿನ ದಾರಿ ಹಿಡಿಯುತ್ತಾರೆ. ರಾಜ್ಯ ಸರ್ಕಾರ 2000-01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯಡಿ ಅಂಗನವಾಡಿ ಕಾರ್ಯಕರ್ತೆಯರು ಕಟ್ಟಿಸಿದ ಸಂಘಗಳಾಗಲಿ, ಆಮೇಲೆ ಬಂದ ಸಂಜೀವಿನಿ ಸಂಘಗಳಾಗಲಿ, ಎಲ್ಲಕ್ಕೂ ಲೆಕ್ಕದ ಮೂಲ ಪುಸ್ತಕಗಳು ಹೆಚ್ಚುಕಡಿಮೆ ಒಂದೇ: ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯದ ಲೆಡ್ಜರ್, ಸಾಲದ ಲೆಡ್ಜರ್, ಸದಸ್ಯೆಯರ ಪಾಸ್ ಪುಸ್ತಕ. ವರ್ಷಾಂತ್ಯದ ಬಡ್ಡಿಗೆ ಇದಕ್ಕಿಂತ ಹೆಚ್ಚಿನ ದಾಖಲೆ ಬೇಕಿಲ್ಲ.

ಲೆಕ್ಕಕ್ಕೆ ಕೂರುವ ಮೊದಲು ನಡಾವಳಿ ಪುಸ್ತಕದಲ್ಲಿ ಒಂದು ಠರಾವು ಇದೆಯೇ ಎಂದು ನೋಡಬೇಕು. ಸಭೆಯಲ್ಲಿ ಕಟ್ಟಿದ ಉಳಿತಾಯಕ್ಕೆ ಯಾವ ತಿಂಗಳಿನಿಂದ ಬಡ್ಡಿ ಎಣಿಸಬೇಕು ಎಂಬುದು ಆ ಠರಾವು. ಕಟ್ಟಿದ ತಿಂಗಳಿನಿಂದಲೇ ಎಣಿಸುವ ಸಂಘಗಳಿವೆ, ಮುಂದಿನ ತಿಂಗಳಿನಿಂದ ಎಣಿಸುವ ಸಂಘಗಳೂ ಇವೆ. ಎರಡೂ ಸರಿ, ಆದರೆ ಎಲ್ಲ ಸದಸ್ಯೆಯರಿಗೂ ಒಂದೇ ನಿಯಮ ಇರಬೇಕು, ಅದು ವರ್ಷದ ಮೊದಲೇ ಬರೆದಿರಬೇಕು. ಮುಂದಿನ ತಿಂಗಳಿನಿಂದ ಎಣಿಸುವುದು ಹೆಚ್ಚು ನ್ಯಾಯ. ಈ ತಿಂಗಳು ಸಭೆಯಲ್ಲಿ ಕೂಡಿದ ಹಣ ಸಾಲವಾಗಿ ಹೊರಹೋಗಿ ಬಡ್ಡಿ ತರುವುದು ಮುಂದಿನ ತಿಂಗಳಿನಿಂದಲೇ. ಇಲ್ಲಿನ ಉದಾಹರಣೆ ಆ ನಿಯಮವನ್ನೇ ಅನುಸರಿಸುತ್ತದೆ.

ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 12 ಜನರ ಸಂಘವೊಂದಿದೆ ಎಂದಿಟ್ಟುಕೊಳ್ಳೋಣ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹಿಂದಿನ ವರ್ಷದ ಬಡ್ಡಿಯೆಲ್ಲ ಇತ್ಯರ್ಥವಾಗಿ, ಏಪ್ರಿಲ್ 1ರಂದು 11 ಸದಸ್ಯೆಯರ ಖಾತೆಯಲ್ಲಿ ತಲಾ ₹6,000 ಉಳಿತಾಯವಿತ್ತು. ಪ್ರತಿಯೊಬ್ಬರೂ ತಿಂಗಳಿಗೆ ₹200 ಕಟ್ಟಬೇಕು. ಒಂಬತ್ತು ಜನ ಒಂದು ತಿಂಗಳನ್ನೂ ತಪ್ಪಿಸಲಿಲ್ಲ. ಹತ್ತನೆಯವರು ಕಡಲೆಕಾಯಿ ಕಿತ್ತ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋದರು. ಡಿಸೆಂಬರ್, ಜನವರಿ, ಫೆಬ್ರವರಿ ಕಟ್ಟಲಾಗದೆ ಮಾರ್ಚ್‌ನಲ್ಲಿ ನಾಲ್ಕೂ ತಿಂಗಳ ₹800 ಒಟ್ಟಿಗೆ ಕಟ್ಟಿದರು. ಹನ್ನೊಂದನೆಯವರು ಉಳಿತಾಯ ತಪ್ಪದೆ ಕಟ್ಟಿದರೂ ಆಗಸ್ಟ್ ಸಭೆಯಲ್ಲಿ ಆಸ್ಪತ್ರೆ ಖರ್ಚಿಗೆಂದು ತಮ್ಮ ಉಳಿತಾಯದಿಂದ ₹3,000 ಹಿಂಪಡೆದರು. ಹನ್ನೆರಡನೆಯವರು ಅಕ್ಟೋಬರ್‌ನಲ್ಲಿ ಹೊಸದಾಗಿ ಸೇರಿ ತಿಂಗಳಿಗೆ ₹200 ಕಟ್ಟುತ್ತ ಬಂದರು.

ಈಗ ಪ್ರತಿ ಸದಸ್ಯೆಯ ಉಳಿತಾಯದ ಪುಟದಲ್ಲಿ ಪ್ರತಿ ತಿಂಗಳ ಆರಂಭದ ಶಿಲ್ಕನ್ನು ಬರೆದು ಹನ್ನೆರಡನ್ನೂ ಕೂಡಬೇಕು. ಬ್ಯಾಂಕಿನವರು ಇದನ್ನು ಪ್ರಾಡಕ್ಟ್ ಎನ್ನುತ್ತಾರೆ, ಶಾಲೆಯ ಗಣಿತದಲ್ಲಿ ಗುಣಲಬ್ಧ. ಒಂದು ರೂಪಾಯಿ ಒಂದು ತಿಂಗಳು ಸಂಘದಲ್ಲಿದ್ದರೆ ಒಂದು ಅಂಕ, ನೂರು ರೂಪಾಯಿ ಮೂರು ತಿಂಗಳಿದ್ದರೆ ಮುನ್ನೂರು ಅಂಕ, ಅಷ್ಟೇ ಇದರ ಅರ್ಥ. ತಪ್ಪದೆ ಕಟ್ಟಿದವರ ಪುಟದಲ್ಲಿ ಏಪ್ರಿಲ್ 6,000, ಮೇ 6,200, ಜೂನ್ 6,400 ಹೀಗೆ ಏರುತ್ತ ಮಾರ್ಚ್‌ಗೆ 8,200 ಬರುತ್ತದೆ. ಹನ್ನೆರಡನ್ನೂ ಕೂಡಿದರೆ 85,200. ಮಾರ್ಚ್ ಸಭೆಯಲ್ಲಿ ಕಟ್ಟಿದ ₹200 ಈ ವರ್ಷದ ಬಡ್ಡಿಗೆ ಸೇರುವುದಿಲ್ಲ. ಅದು ಮುಂದಿನ ಏಪ್ರಿಲ್‌ನ ಶಿಲ್ಕಿನಲ್ಲಿ ಬರುತ್ತದೆ.

ಬೆಂಗಳೂರಿಗೆ ಹೋದ ಸದಸ್ಯೆಯ ಶಿಲ್ಕು ಡಿಸೆಂಬರ್ ಆರಂಭದ 7,600ರಲ್ಲೇ ಮಾರ್ಚ್ ಆರಂಭದವರೆಗೆ ನಿಂತಿತು. ಉಳಿದವರಿಗೆ ಜನವರಿಯಲ್ಲಿ 200, ಫೆಬ್ರವರಿಯಲ್ಲಿ 400, ಮಾರ್ಚ್‌ನಲ್ಲಿ 600 ಹೆಚ್ಚಿತ್ತು. ಆದ್ದರಿಂದ ಇವರ ಮೊತ್ತ 1,200 ಕಡಿಮೆ, ಅಂದರೆ 84,000. ₹3,000 ಹಿಂಪಡೆದವರಿಗೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಏಳು ತಿಂಗಳು ಅಷ್ಟು ಹಣ ಕಡಿಮೆಯಿತ್ತು. 21,000 ಕಳೆದರೆ 64,200. ಹೊಸ ಸದಸ್ಯೆಯ ಹಣ ಎಣಿಕೆಗೆ ಬರುವುದು ನವೆಂಬರ್‌ನಿಂದ: 200, 400, 600, 800, 1,000, ಕೂಡಿದರೆ 3,000. ಒಂಬತ್ತು ಜನರದ್ದು 7,66,800. ಎಲ್ಲ ಸೇರಿ ಸಂಘದ ಒಟ್ಟು 9,18,000.

ಇಷ್ಟು ಆದ ಮೇಲೆ ಹಂಚಲು ಹಣ ಎಷ್ಟಿದೆ ಎಂಬ ಪ್ರಶ್ನೆ. ಬಹಳಷ್ಟು ಜಗಳಗಳು ಹುಟ್ಟುವುದು ಇಲ್ಲಿಯೇ, ಯಾಕೆಂದರೆ ನಗದು ಪುಸ್ತಕದ ಜಮಾ ಬದಿಯಲ್ಲಿ ಬಡ್ಡಿಯ ಜೊತೆಗೆ ಅಸಲಿನ ಕಂತು, ಉಳಿತಾಯ, ಬ್ಯಾಂಕ್ ಸಾಲ, ಸರ್ಕಾರದಿಂದ ಬಂದ ಸುತ್ತುನಿಧಿ ಎಲ್ಲವೂ ಒಂದರ ಕೆಳಗೊಂದು ಇರುತ್ತವೆ. ಇವುಗಳಲ್ಲಿ ಆದಾಯ ಎನ್ನಬಹುದಾದ್ದು ಸದಸ್ಯೆಯರು ಸಾಲಕ್ಕೆ ಕಟ್ಟಿದ ಬಡ್ಡಿ, ಬ್ಯಾಂಕಿನ ಉಳಿತಾಯ ಖಾತೆಗೆ ಬಂದ ಬಡ್ಡಿ, ಸಭೆಗೆ ಬರದವರ ದಂಡ ಇಷ್ಟು ಮಾತ್ರ. ಸುತ್ತುನಿಧಿ ಸಂಘದ ಬಂಡವಾಳ. ಅದನ್ನು ಸಾಲ ಕೊಟ್ಟು ಗಳಿಸಿದ ಬಡ್ಡಿ ಹಂಚಬಹುದು, ನಿಧಿಯನ್ನೇ ಹಂಚುವಂತಿಲ್ಲ. ಬ್ಯಾಂಕ್ ಸಾಲವಿದ್ದರೆ ಸದಸ್ಯೆಯರಿಂದ ಬಂದ ಬಡ್ಡಿಯನ್ನು ಆದಾಯಕ್ಕೆ, ಬ್ಯಾಂಕಿಗೆ ಕಟ್ಟಿದ ಬಡ್ಡಿಯನ್ನು ಖರ್ಚಿಗೆ ಬರೆಯಬೇಕು. ಎರಡರ ವ್ಯತ್ಯಾಸವನ್ನಷ್ಟೇ ಒಂದು ಸಾಲಿನಲ್ಲಿ ಬರೆದರೆ ವರ್ಷ ಕಳೆದ ಮೇಲೆ ಯಾವುದನ್ನೂ ತಾಳೆ ನೋಡಲು ಆಗುವುದಿಲ್ಲ.

ಉದಾಹರಣೆಯ ಸಂಘ ಬ್ಯಾಂಕ್ ಸಾಲ ಪಡೆದಿಲ್ಲ. ಸ್ವಂತ ಉಳಿತಾಯವನ್ನೇ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೊಡುತ್ತದೆ. ಹಳ್ಳಿಯ ಮಾತಿನಲ್ಲಿ ಎರಡು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ ಶೇ. 2, ವರ್ಷಕ್ಕೆ ಶೇ. 24. ವರ್ಷದಲ್ಲಿ ಸಾಲದ ಬಡ್ಡಿಯಾಗಿ ₹13,420, ಬ್ಯಾಂಕ್ ಬಡ್ಡಿಯಾಗಿ ₹486, ದಂಡವಾಗಿ ₹210 ಬಂದಿದೆ, ಒಟ್ಟು ₹14,116. ಪುಸ್ತಕಗಳಿಗೆ ₹420, ಬ್ಯಾಂಕಿಗೆ ಹೋಗಿಬಂದದ್ದಕ್ಕೆ ₹540, ಲೆಕ್ಕ ತಪಾಸಣೆಗೆ ₹500, ಹೀಗೆ ₹1,460 ಖರ್ಚಾಗಿದೆ. ಉಳಿಯುವುದು ₹12,656.

ಈ ₹12,656 ನಿಜವೇ ಎಂದು ಒರೆಗೆ ಹಚ್ಚುವ ಕೆಲಸ ಸಾಲದ ಲೆಡ್ಜರಿನದು. ಉಳಿತಾಯಕ್ಕೆ ಮಾಡಿದಂತೆಯೇ ಪ್ರತಿ ಸಾಲದ ತಿಂಗಳ ಆರಂಭದ ಶಿಲ್ಕುಗಳನ್ನೂ ಕೂಡಬೇಕು. ಜುಲೈನಲ್ಲಿ ಬಿತ್ತನೆಗೆಂದು ₹10,000 ಪಡೆದು ತಿಂಗಳಿಗೆ ₹1,000ದಂತೆ ಹತ್ತು ಕಂತು ಕಟ್ಟುವವರ ಶಿಲ್ಕು ಆಗಸ್ಟ್‌ನಲ್ಲಿ 10,000, ಸೆಪ್ಟೆಂಬರ್‌ನಲ್ಲಿ 9,000, ಹೀಗೆ ಇಳಿಯುತ್ತ ಹೋಗುತ್ತದೆ. ಹತ್ತು ತಿಂಗಳ ಮೊತ್ತ 55,000, ಅದಕ್ಕೆ ಶೇ. 2 ಎಂದರೆ ₹1,100. ಕಂತು ಕಟ್ಟಿದರೂ ಮೊದಲ ₹10,000ಕ್ಕೇ ಕೊನೆಯವರೆಗೆ ಬಡ್ಡಿ ಹಾಕಿದರೆ ₹2,000 ಆಗುತ್ತದೆ. ತೀರಿಸಿದ ಅಸಲಿಗೂ ಬಡ್ಡಿ ವಸೂಲಿ ಮಾಡಿದಂತಾಗುವ ಈ ಪದ್ಧತಿಯನ್ನು ಬಿಡಬೇಕು. ಅದರಿಂದ ಸಂಘದ ಆದಾಯ ದೊಡ್ಡದಾಗಿ ಕಾಣುತ್ತದೆ, ಆದರೆ ಹಂಚಿಕೆಯಾಗುವ ಆ ₹900 ಸಾಲ ಪಡೆದ ಬಡ ಸದಸ್ಯೆಯ ಜೇಬಿನಿಂದಲೇ ಬಂದದ್ದು.

ಎಲ್ಲ ಸಾಲಗಳ ತಿಂಗಳ ಶಿಲ್ಕುಗಳ ಮೊತ್ತ 7,01,000 ಎಂದಾದರೆ ಬರಬೇಕಾದ ಬಡ್ಡಿ ₹14,020. ನಗದು ಪುಸ್ತಕದಲ್ಲಿ ಬಂದದ್ದು ₹13,420. ವ್ಯತ್ಯಾಸ ₹600. ಈ ₹600 ಎಲ್ಲಿದೆ ಎಂದು ಹೆಸರು ಹಿಡಿದು ಹೇಳಲು ಬರಬೇಕು. ಲೆಡ್ಜರ್ ತಿರುವಿದಾಗ ಒಂದು ಸಾಲದಲ್ಲಿ ₹5,000 ಅಸಲು ಹಾಗೇ ನಿಂತು ಆರು ತಿಂಗಳು ತಲಾ ₹100 ಬಡ್ಡಿ ಬಂದಿಲ್ಲ ಎಂದು ಕಂಡರೆ ಲೆಕ್ಕ ಕೂಡಿತು. ವ್ಯತ್ಯಾಸಕ್ಕೆ ಸುಸ್ತಿ ಕಾರಣವಲ್ಲವೆಂದಾದರೆ ಬಡ್ಡಿಯನ್ನು ಅಸಲಿನ ಅಂಕಣದಲ್ಲಿ ಬರೆದಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಪತ್ತೆ ಹಚ್ಚಲು ಇನ್ನೊಂದು ಕೂಡಿಕೆ ಸಾಕು. ವರ್ಷದ ಆರಂಭದಲ್ಲಿದ್ದ ಸಾಲ ₹58,000, ವರ್ಷದಲ್ಲಿ ಕೊಟ್ಟದ್ದು ₹62,000, ನಗದು ಪುಸ್ತಕದ ಪ್ರಕಾರ ಬಂದ ಅಸಲು ₹48,500 ಆದರೆ ಕೊನೆಯಲ್ಲಿ ₹71,500 ಇರಬೇಕು. ಸದಸ್ಯೆಯರ ಸಾಲದ ಪುಟಗಳ ಶಿಲ್ಕುಗಳನ್ನು ಕೂಡಿದರೂ ಅಷ್ಟೇ ಬರಬೇಕು. ಬರದಿದ್ದರೆ, ಯಾವ ತಿಂಗಳಲ್ಲಿ ಎರಡೂ ಬೇರೆಯಾದವೋ ಆ ತಿಂಗಳ ಸಭೆಯ ನಮೂದುಗಳಲ್ಲಿ ತಪ್ಪು ಇದೆ.

ಬಾರದ ₹600ನ್ನು ಆದಾಯಕ್ಕೆ ಸೇರಿಸಬಾರದು. ಬರಲಿದೆ ಎಂಬ ನಂಬಿಕೆಯ ಮೇಲೆ ಹಂಚಿದ ಬಡ್ಡಿ ಕೊನೆಗೆ ಬೇರೆಯವರ ಉಳಿತಾಯದಿಂದಲೇ ಹೋಗುತ್ತದೆ. ಸಂಘದ ಲೆಕ್ಕದಲ್ಲಿ ಕೈಗೆ ಬಂದದ್ದೇ ಆದಾಯ. ಮುಂದಿನ ವರ್ಷ ಬಂದರೆ ಮುಂದಿನ ವರ್ಷದ ಆದಾಯ.

ಹಾಗೆಯೇ ಉಳಿದ ₹12,656ನ್ನೂ ಪೂರ್ತಿ ಹಂಚಿಬಿಡುವುದು ಜಾಣತನವಲ್ಲ. ಈ ಬಯಲುಸೀಮೆಯಲ್ಲಿ ಒಂದು ವರ್ಷ ಮಳೆ ಕೈಕೊಟ್ಟರೆ ಒಂದೇ ಸಲ ಮೂರು ನಾಲ್ಕು ಸಾಲಗಳು ಸುಸ್ತಿಯಾಗುತ್ತವೆ. ಮೇಲಿನ ₹5,000 ಸಾಲ ಆಗಲೇ ಆರು ತಿಂಗಳಿಂದ ನಿಂತಿದೆ. ಅದರ ಅರ್ಧದಷ್ಟಾದರೂ ಮೀಸಲಿಡಬೇಕು ಎಂದು ಸಂಘ ಠರಾವು ಮಾಡಿ, ₹2,656 ಮೀಸಲು ನಿಧಿಗೆ ತೆಗೆದಿಟ್ಟು ₹10,000 ಹಂಚಲು ತೀರ್ಮಾನಿಸುತ್ತದೆ. ಮೀಸಲು ಎಷ್ಟು ಎಂಬುದು ಸಭೆಗೆ ಬಿಟ್ಟದ್ದು. ಅದನ್ನು ಪ್ರತಿನಿಧಿಗಳಿಬ್ಬರೇ ಕೂತು ನಿರ್ಧರಿಸಬಾರದು, ಹಂಚುವ ಮೊತ್ತ ಗೊತ್ತಾದ ಮೇಲೆ ಬದಲಿಸಲೂಬಾರದು.

ಇನ್ನು ಹಂಚಿಕೆ. ₹10,000ನ್ನು 9,18,000ದಿಂದ ಭಾಗಿಸಿದರೆ ಒಂದು ರೂಪಾಯಿಗೆ ಒಂದು ತಿಂಗಳಿಗೆ 1.0893 ಪೈಸೆ ಬರುತ್ತದೆ. ವರ್ಷಕ್ಕೆ ಸುಮಾರು ಶೇ. 13. ಈ ದರವನ್ನು ಮೊದಲೇ ಎರಡು ದಶಮಾಂಶಕ್ಕೆ ಕತ್ತರಿಸಿ ಗುಣಿಸಿದರೆ ಕೊನೆಯಲ್ಲಿ ರೂಪಾಯಿಗಳೇ ತಪ್ಪುತ್ತವೆ. ಆದ್ದರಿಂದ ಪ್ರತಿ ಸದಸ್ಯೆಯ ಮೊತ್ತವನ್ನು 10,000ದಿಂದ ಗುಣಿಸಿ ಆಮೇಲೆ 9,18,000ದಿಂದ ಭಾಗಿಸುವುದು ಒಳ್ಳೆಯದು. ತಪ್ಪದೆ ಕಟ್ಟಿದ ಒಂಬತ್ತು ಜನರಿಗೆ ತಲಾ ₹928.10, ಬೆಂಗಳೂರಿಗೆ ಹೋಗಿಬಂದವರಿಗೆ ₹915.03, ಉಳಿತಾಯ ಹಿಂಪಡೆದವರಿಗೆ ₹699.35, ಹೊಸಬರಿಗೆ ₹32.68. ಪೈಸೆಗಳನ್ನು ಬಿಟ್ಟು ರೂಪಾಯಿಗೆ ಇಳಿಸಿದರೆ 928, 915, 699, 32. ಒಟ್ಟು ₹9,998. ಉಳಿದ ₹2 ಮೀಸಲಿಗೆ ಸೇರಿ ಅದು ₹2,658 ಆಗುತ್ತದೆ. ಎಲ್ಲರಿಗೂ ಮೇಲಕ್ಕೆ ಏರಿಸಿದರೆ ಹಂಚುವ ಹಣ ₹10,000 ದಾಟಿಬಿಡುತ್ತದೆ, ಹೀಗಾಗಿ ಇಳಿಸುವ ರೂಢಿಯೇ ಸುರಕ್ಷಿತ.

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಎಕ್ಸೆಲ್ ಬಳಸುವ ಪುಸ್ತಕ ಬರಹಗಾರ್ತಿಯರು B ಅಂಕಣದಿಂದ M ಅಂಕಣದವರೆಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರಂಭದ ಶಿಲ್ಕುಗಳನ್ನು, P1ರಲ್ಲಿ ಹಂಚುವ ಮೊತ್ತವನ್ನು ತುಂಬಬಹುದು. ಸದಸ್ಯೆಯರು 2ನೇ ಸಾಲಿನಿಂದ 13ನೇ ಸಾಲಿನವರೆಗೆ ಇದ್ದರೆ N2, N14, O2 ಕೋಶಗಳಲ್ಲಿ ಕ್ರಮವಾಗಿ ಈ ಸೂತ್ರಗಳು ಬರುತ್ತವೆ. N2 ಮತ್ತು O2ರ ಸೂತ್ರಗಳನ್ನು 13ನೇ ಸಾಲಿನವರೆಗೆ ಕೆಳಕ್ಕೆ ನಕಲು ಮಾಡಬೇಕು.

```
=SUM(B2:M2)
=SUM(N2:N13)
=ROUNDDOWN(N2*$P$1/$N$14,0)
```

ಇಷ್ಟೆಲ್ಲ ಕಷ್ಟ ಯಾಕೆ, ಸಮನಾಗಿ ಹಂಚಿದರೆ ಆಗದೇ ಎಂಬ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಸಮನಾಗಿ ಹಂಚಿದರೆ ತಲಾ ₹833. ₹1,200 ಉಳಿಸಿದ ಹೊಸ ಸದಸ್ಯೆಗೆ ಐದು ತಿಂಗಳಿಗೆ ₹833 ಬಡ್ಡಿ. ವರ್ಷವಿಡೀ ಕಟ್ಟಿದವರಿಗೆ ತಲಾ ₹95 ಖೋತಾ. ಇದು ತಪ್ಪೆಂದು ಎಲ್ಲರಿಗೂ ಕೂಡಲೇ ತಿಳಿಯುತ್ತದೆ. ತಿಳಿಯದೆ ಹೋಗುವ ತಪ್ಪು ಬೇರೆಯದು: ಮಾರ್ಚ್ 31ರ ಶಿಲ್ಕಿನ ಮೇಲೆ ಹಂಚುವುದು. ಆ ದಿನ ಸಂಘದ ಒಟ್ಟು ಉಳಿತಾಯ ₹90,600. ಅದರ ಪ್ರಕಾರ ತಪ್ಪದೆ ಕಟ್ಟಿದವರಿಗೆ ₹927 ಬರುತ್ತದೆ, ಸರಿಯಾದ ಲೆಕ್ಕಕ್ಕಿಂತ ಒಂದೇ ರೂಪಾಯಿ ಕಡಿಮೆ. ಆದ್ದರಿಂದ ಸಭೆಯ ಬಹುಮತಕ್ಕೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಆಸ್ಪತ್ರೆಗೆಂದು ₹3,000 ಪಡೆದವರಿಗೆ ₹699ರ ಬದಲು ₹596 ಸಿಗುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಆ ₹3,000 ಸಂಘಕ್ಕೆ ದುಡಿದು ಕೊಟ್ಟದ್ದು ಲೆಕ್ಕದಿಂದಲೇ ಮಾಯವಾಗುತ್ತದೆ. ಹೊಸಬರಿಗೆ ₹32ರ ಬದಲು ₹132. ನಾಲ್ಕು ತಿಂಗಳ ಹಣವನ್ನು ಮಾರ್ಚ್‌ನಲ್ಲಿ ಕಟ್ಟಿದವರಿಗೂ ತಪ್ಪದೆ ಕಟ್ಟಿದವರಷ್ಟೇ ₹927. ಕಷ್ಟದಲ್ಲಿದ್ದ ಒಬ್ಬರಿಂದ ₹103 ಕಿತ್ತುಕೊಂಡ ಲೆಕ್ಕವನ್ನು ಹನ್ನೊಂದು ಜನ ಸರಿ ಎಂದು ಸಹಿ ಮಾಡಿದಂತಾಗುತ್ತದೆ. ಬೇರೆ ಯಾವ ಕಾರಣವಿಲ್ಲದಿದ್ದರೂ ಇದೊಂದಕ್ಕಾಗಿ ತಿಂಗಳ ಲೆಕ್ಕವನ್ನೇ ಹಿಡಿಯಬೇಕು.

ಹಂಚಿಕೆಯ ಪಟ್ಟಿ ಓದುವ ಮೊದಲು ಕೊನೆಯ ತಾಳೆ ಬಾಕಿಯಿದೆ. ಸಂಘ ಕೊಡಬೇಕಾದ್ದು: ಉಳಿತಾಯ ₹90,600, ಹಂಚುವ ಬಡ್ಡಿ ₹9,998, ಮೀಸಲು ₹2,658, ಒಟ್ಟು ₹1,03,256. ಸಂಘದ ಬಳಿ ಇರಬೇಕಾದ್ದು: ಸದಸ್ಯೆಯರ ಮೇಲಿನ ಸಾಲ ₹71,500, ಬ್ಯಾಂಕ್ ಪಾಸ್ ಪುಸ್ತಕದಲ್ಲಿ ₹29,906, ಪೆಟ್ಟಿಗೆಯಲ್ಲಿ ₹1,850, ಒಟ್ಟು ಅಷ್ಟೇ. ಬ್ಯಾಂಕ್ ಅಂಕಿಯನ್ನು ಸಂಘದ ಪುಸ್ತಕದಿಂದ ತೆಗೆದುಕೊಳ್ಳದೆ, ಪಾಸ್ ಪುಸ್ತಕವನ್ನು ಬ್ಯಾಂಕಿನಲ್ಲಿ ಎಂಟ್ರಿ ಮಾಡಿಸಿಯೇ ನೋಡಬೇಕು. ಖಾತೆಯಿಂದ ಕಳೆದ ಶುಲ್ಕ, ಖಾತೆಗೆ ಬಿದ್ದ ಬಡ್ಡಿ ಸಂಘದ ಪುಸ್ತಕಕ್ಕೆ ಏರದೆ ಉಳಿದಿರುವುದು ಸಾಮಾನ್ಯ. ಪೆಟ್ಟಿಗೆಯ ಹಣವನ್ನು ಸಭೆಯ ಎದುರೇ ಎಣಿಸಬೇಕು.

ಎರಡೂ ಬದಿ ಕೂಡಿತೆಂದ ಮಾತ್ರಕ್ಕೆ ಬಡ್ಡಿಯನ್ನು ಕೈಗೆ ಕೊಡಲು ಹಣ ಇದೆ ಎಂದಲ್ಲ. ಈ ಸಂಘದ ಬಳಿ ನಗದು ಮತ್ತು ಬ್ಯಾಂಕ್ ಸೇರಿ ₹31,756 ಇರುವುದರಿಂದ ₹9,998 ಕೊಡಬಹುದು. ಅದೇ ಮಾರ್ಚ್‌ನಲ್ಲಿ ಎಲ್ಲ ಹಣವೂ ಸಾಲವಾಗಿ ಹೊರಗಿದ್ದರೆ ಬಡ್ಡಿಯನ್ನು ಉಳಿತಾಯದ ಖಾತೆಗೆ ಜಮಾ ಮಾಡುವುದೊಂದೇ ದಾರಿ. ಬಡ್ಡಿ ಕೈಗೆ ಕೊಡಲೆಂದು ಹೊರಗೆ ಸಾಲ ಎತ್ತಿದ ಸಂಘ ತನ್ನ ಮುಂದಿನ ವರ್ಷದ ಲಾಭವನ್ನು ಈಗಲೇ ತಿಂದಂತೆ.

ಬಡ್ಡಿ ಬಾಕಿ ಉಳಿಸಿಕೊಂಡವರ ವಿಷಯದಲ್ಲಿ ಎಚ್ಚರ ಬೇಕು. ₹600 ಕಟ್ಟದ ಸದಸ್ಯೆ ತಪ್ಪದೆ ಉಳಿತಾಯ ಕಟ್ಟಿದವರಲ್ಲೊಬ್ಬರಾದರೆ ಅವರಿಗೂ ₹928 ಸಲ್ಲುತ್ತದೆ. ಸಾಲದ ಸುಸ್ತಿ ಉಳಿತಾಯದ ಬಡ್ಡಿಯನ್ನು ಇಲ್ಲವಾಗಿಸುವುದಿಲ್ಲ. ಅವರ ಒಪ್ಪಿಗೆಯಿಂದ, ಠರಾವಿನ ಮೂಲಕ ₹600 ಮುರಿದುಕೊಂಡು ₹328 ಕೊಡಬಹುದು. ಆದರೆ ಪುಸ್ತಕದಲ್ಲಿ ಎರಡು ನಮೂದು ಬೇಕು: ₹928 ಬಡ್ಡಿ ಕೊಟ್ಟದ್ದು, ₹600 ಸಾಲದ ಬಡ್ಡಿ ಬಂದದ್ದು. ಈ ಮುರಿತವನ್ನು ಏಪ್ರಿಲ್‌ನ ದಿನಾಂಕಕ್ಕೆ ಬರೆಯಬೇಕು. ಮಾರ್ಚ್‌ಗೆ ಬರೆದರೆ ವರ್ಷದ ಆದಾಯವೇ ₹600 ಹೆಚ್ಚಾಗಿ, ಸಭೆ ಒಪ್ಪಿದ ಇಡೀ ಹಂಚಿಕೆಯ ಆಧಾರ ಅಲುಗಾಡುತ್ತದೆ.

ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವಾಗ ಬಡ್ಡಿಯ ಮೊತ್ತದ ಜೊತೆಗೆ ಪ್ರತಿಯೊಬ್ಬರ ಹನ್ನೆರಡು ತಿಂಗಳ ಒಟ್ಟು ಅಂಕವನ್ನೂ ಓದಬೇಕು. ತನಗೆ ₹915, ಪಕ್ಕದವರಿಗೆ ₹928 ಯಾಕೆ ಎಂದು ಕೇಳುವ ಹಕ್ಕು ಸದಸ್ಯೆಗಿದೆ, ಉತ್ತರ ಪುಟದಲ್ಲೇ ಇದೆ. ಊರಿನಲ್ಲಿ ಇಲ್ಲದವರ ಬಡ್ಡಿಯನ್ನು ಅವರ ಮನೆಯವರ ಕೈಗೆ ಕೊಡದೆ ಅವರ ಖಾತೆಗೇ ಜಮಾ ಮಾಡಬೇಕು. ಓದು ಮುಗಿದ ದಿನವೇ ಮೊತ್ತ ಪ್ರತಿ ಪಾಸ್ ಪುಸ್ತಕಕ್ಕೆ ಏರಬೇಕು, ಪಡೆದವರ ಸಹಿ ಅಥವಾ ಹೆಬ್ಬೆಟ್ಟು ಪಟ್ಟಿಯ ಮೇಲೆ ಬೀಳಬೇಕು.

ತಪ್ಪದೆ ಕಟ್ಟಿದ ಒಂಬತ್ತು ಜನರಲ್ಲಿ ಬಡ್ಡಿಯನ್ನು ಕೈಗೆ ಪಡೆದವರ ಮುಂದಿನ ಏಪ್ರಿಲ್ 1ರ ಶಿಲ್ಕು ₹8,400, ಸಂಘದಲ್ಲೇ ಬಿಟ್ಟವರದು ₹9,328. ಮುಂದಿನ ವರ್ಷದ ಲೆಕ್ಕ ಈ ಎರಡು ಅಂಕಿಗಳಿಂದ ಬೇರೆಬೇರೆಯಾಗಿ ಶುರುವಾಗುತ್ತದೆ. ಆದ್ದರಿಂದ ಯಾರು ಕೈಗೆ ಪಡೆದರು, ಯಾರು ಬಿಟ್ಟರು ಎಂಬುದನ್ನು ಅದೇ ಸಭೆಯ ನಡಾವಳಿಯಲ್ಲಿ ಹೆಸರು ಸಮೇತ ಬರೆದಿಡಬೇಕು.